ವೋಚರ್ ಸ್ಯಾಂಪಲ್‌ನಲ್ಲಿ ವ್ಯತ್ಯಾಸ ಬಂದರೆ: ತಪ್ಪು ಲೆಡ್ಜರ್‌ನದೋ, ಓದಿದ ಯಂತ್ರದ್ದೋ?

ಈಗ ಆಡಿಟ್‌ಗೆ ಬರುವ ವೋಚರ್‌ಗಳಲ್ಲಿ ಬಹಳಷ್ಟು ಕಾಗದದ ಕಟ್ಟಾಗಿ ಬರುವುದಿಲ್ಲ. ಅವನ್ನು ಸ್ಕ್ಯಾನ್ ಮಾಡಿರುತ್ತಾರೆ. ಓಸಿಆರ್ ಅವನ್ನು ಓದಿ ವೋಚರ್ ಸಂಖ್ಯೆ, ದಿನಾಂಕ, ಪಾರ್ಟಿ ಹೆಸರು, ಮೊತ್ತ ಎಂದು ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಿಂದ ಸ್ಯಾಂಪಲ್ ಎತ್ತಿ, ಲೆಡ್ಜರ್ ಜೊತೆ ಹೋಲಿಸಿ, ಬಂದ ತಪ್ಪನ್ನು ಇಡೀ ಖಾತೆಗೆ ಹಿಗ್ಗಿಸಿ ತೀರ್ಮಾನ ಬರೆಯುತ್ತೇವೆ.

ಈ ದಾರಿಯಲ್ಲಿ ತೊಂದರೆ ಎರಡು ರೂಪದಲ್ಲಿ ಕಾಣಿಸುತ್ತದೆ. ಒಂದು, ಖಾತೆ ಚೆನ್ನಾಗಿದ್ದರೂ ಸ್ಯಾಂಪಲ್ ಅದನ್ನು ಕೆಟ್ಟದ್ದೆಂದು ತೋರಿಸುತ್ತದೆ. ಇನ್ನೊಂದು, ಒಂದೂ ವ್ಯತ್ಯಾಸ ಬರುವುದಿಲ್ಲ, ಎಲ್ಲವೂ ತಾಳೆಯಾಗುತ್ತದೆ. ಮೊದಲನೆಯದು ಗಲಾಟೆ ಮಾಡುತ್ತದೆ, ಹಾಗಾಗಿ ಯಾರಾದರೂ ಹುಡುಕಿ ಸರಿಮಾಡುತ್ತಾರೆ. ಎರಡನೆಯದು ಸದ್ದಿಲ್ಲದೆ ಫೈಲ್ ಸೇರುತ್ತದೆ. ನನ್ನ ಪ್ರಕಾರ ಹೆಚ್ಚು ಭಯಪಡಬೇಕಾದದ್ದು ಅದಕ್ಕೇ. ಎರಡನ್ನೂ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆ

ಒಂದು ಖರ್ಚಿನ ಖಾತೆ. ಲೆಡ್ಜರ್‌ನಲ್ಲಿ 6,000 ವೋಚರ್‌ಗಳು, ಒಟ್ಟು 2,40,00,000. ಈ ಖಾತೆಯಲ್ಲಿ 12,00,000 ತನಕದ ತಪ್ಪನ್ನು ಸಹಿಸಬಹುದು ಎಂದು ತಂಡ ನಿರ್ಧರಿಸಿದೆ. ಆಯ್ಕೆಯ ವಿಧಾನ ಮಾನಿಟರಿ ಯೂನಿಟ್ ಸ್ಯಾಂಪ್ಲಿಂಗ್, ಅಂದರೆ ದೊಡ್ಡ ಮೊತ್ತದ ವೋಚರ್‌ಗೆ ಆಯ್ಕೆಯಾಗುವ ಅವಕಾಶ ಅದರ ಮೊತ್ತಕ್ಕೆ ತಕ್ಕಷ್ಟು ಹೆಚ್ಚು. 95% ವಿಶ್ವಾಸಕ್ಕೆ, ಒಂದೂ ತಪ್ಪು ಸಿಗುವುದಿಲ್ಲ ಎಂಬ ನಿರೀಕ್ಷೆಯಲ್ಲಿ, ಬಳಸುವ ಅಂಶ 3. ಸಹಿಸಬಹುದಾದ 12 ಲಕ್ಷವನ್ನು 3ರಿಂದ ಭಾಗಿಸಿದರೆ 4 ಲಕ್ಷ. ಇದು ಇಂಟರ್ವಲ್. ಪ್ರತಿ 4 ಲಕ್ಷಕ್ಕೆ ಒಂದು ಆಯ್ಕೆ. ಲೆಡ್ಜರ್‌ನಿಂದ ಎತ್ತಿದ್ದರೆ 60 ವೋಚರ್ ಬರಬೇಕಿತ್ತು.

ಆದರೆ ತಂಡ ಎತ್ತಿದ್ದು ಓಸಿಆರ್ ಕೊಟ್ಟ ಪಟ್ಟಿಯಿಂದ. ಆ ಪಟ್ಟಿಯಲ್ಲಿ 5,914 ಸಾಲುಗಳಿದ್ದವು, ಒಟ್ಟು 2,47,80,000. ಬಂದದ್ದು 62 ವೋಚರ್. ಲೆಡ್ಜರ್ ಜೊತೆ ಹೋಲಿಸಿದಾಗ ನಾಲ್ಕರಲ್ಲಿ ವ್ಯತ್ಯಾಸ:

- ಓದಿದ್ದು 4,50,000, ಲೆಡ್ಜರ್‌ನಲ್ಲಿ 4,500
- ಓದಿದ್ದು 18,640, ಲೆಡ್ಜರ್‌ನಲ್ಲಿ 13,640
- ಓದಿದ್ದು 7,200, ಲೆಡ್ಜರ್‌ನಲ್ಲಿ 1,200
- ಓದಿದ್ದು 8,900, ಲೆಡ್ಜರ್‌ನಲ್ಲಿ 9,800

ಓಸಿಆರ್ ಓದಿದ್ದೇ ನಿಜ ಎಂದು ನಂಬಿ ಲೆಕ್ಕ ಹಾಕಿದರೆ ಏನಾಗುತ್ತದೆ? ಮೊದಲನೆಯದು ಇಂಟರ್ವಲ್‌ಗಿಂತ ದೊಡ್ಡದು. ಅದು ಖಚಿತವಾಗಿ ಆಯ್ಕೆಯಾಗುವ ವೋಚರ್, ಹಾಗಾಗಿ ಹಿಗ್ಗಿಸಬೇಕಿಲ್ಲ. ವ್ಯತ್ಯಾಸ 4,45,500 ಹಾಗೇ ಸೇರುತ್ತದೆ. ಉಳಿದವನ್ನು ಹಿಗ್ಗಿಸಬೇಕು. ಎರಡನೆಯದರಲ್ಲಿ ವ್ಯತ್ಯಾಸ ಓದಿದ ಮೊತ್ತದ 26.8%. ಅದನ್ನು ಇಂಟರ್ವಲ್‌ನಿಂದ ಗುಣಿಸಿದರೆ 1,07,296. ಮೂರನೆಯದರಲ್ಲಿ 83.3%, ಅಂದರೆ 3,33,333. ಈ ಮೂರೇ ಸೇರಿ 8,86,129. ಮೇಲೆ ಸ್ಯಾಂಪ್ಲಿಂಗ್ ಅನಿಶ್ಚಿತತೆಗೆ ಕೂಡಿಸಬೇಕಾದ 12 ಲಕ್ಷವೂ ಇದೆ. ಒಟ್ಟು 20 ಲಕ್ಷ ದಾಟಿತು. ಖರ್ಚನ್ನು ದೊಡ್ಡ ಮಟ್ಟದಲ್ಲಿ ಕಡಿಮೆ ತೋರಿಸಿದ್ದಾರೆ ಎಂಬ ತೀರ್ಮಾನ ಸಿದ್ಧವಾಯಿತು.

ಮೊದಲ ಹೆಜ್ಜೆ: ಚಿತ್ರ ತೆರೆದು ನೋಡಿ

ವ್ಯತ್ಯಾಸ ಕಂಡ ಪ್ರತಿ ವೋಚರ್‌ನ ಸ್ಕ್ಯಾನ್ ಚಿತ್ರವನ್ನು ಒಬ್ಬ ಮನುಷ್ಯ ತೆರೆದು ನೋಡಬೇಕು. ಹಿಗ್ಗಿಸುವ ಲೆಕ್ಕ ಆಮೇಲೆ. ಇದು ತೀರಾ ಸರಳ ಅನಿಸಬಹುದು, ಆದರೆ ಗಡುವು ಹತ್ತಿರ ಇರುವಾಗ ಜನ ಬಿಟ್ಟುಬಿಡುವುದು ಇದನ್ನೇ. ಶೀಟ್‌ನಲ್ಲಿ ಎರಡು ಕಾಲಂ ಇರುತ್ತವೆ, ಕಳೆಯುವ ಸೂತ್ರ ಇರುತ್ತದೆ, ಉತ್ತರ ಬಂದೇ ಬಿಡುತ್ತದೆ. ಮೂರನೆಯ ಕಾಲಂ ಬೇಕು: ಚಿತ್ರದಲ್ಲಿ ಕಣ್ಣಿಗೆ ಕಂಡ ಮೊತ್ತ.

ಆಗ ಪ್ರತಿ ವ್ಯತ್ಯಾಸವೂ ಮೂರರಲ್ಲಿ ಒಂದು ಗುಂಪಿಗೆ ಸೇರುತ್ತದೆ. ಚಿತ್ರ ಮತ್ತು ಲೆಡ್ಜರ್ ಒಂದೇ, ಓದಿದ್ದು ಬೇರೆ ಇದ್ದರೆ ಅದು ಓದುವ ತಪ್ಪು. ಚಿತ್ರ ಮತ್ತು ಓದಿದ್ದು ಒಂದೇ, ಲೆಡ್ಜರ್ ಬೇರೆ ಇದ್ದು, ವೋಚರ್ ಸಂಖ್ಯೆಯೂ ತಾಳೆಯಾದರೆ ಅದು ನಿಜವಾದ ತಪ್ಪು, ಆಡಿಟ್‌ಗೆ ಬೇಕಾದದ್ದು ಇದೇ. ಮೂರೂ ಬೇರೆಬೇರೆ ಇದ್ದರೆ, ಮೊತ್ತದ ಜೊತೆ ಜೋಡಿಯೂ ತಪ್ಪಿರಬಹುದು: ವೋಚರ್ ಸಂಖ್ಯೆಯನ್ನೇ ತಪ್ಪಾಗಿ ಓದಿ, ಬೇರೆ ಯಾವುದೋ ಲೆಡ್ಜರ್ ಸಾಲಿನ ಜೊತೆ ಹೋಲಿಸಿರಬಹುದು.

ನಮ್ಮ ನಾಲ್ಕರಲ್ಲಿ ಮೊದಲನೆಯದರ ಚಿತ್ರ ನೋಡಿದರೆ 4,500.00 ಎಂದಿದೆ. ದಶಮಾಂಶದ ಚುಕ್ಕೆ ಮಸುಕಾಗಿದೆ, ಹಾಗಾಗಿ ಓಸಿಆರ್ ಅದನ್ನು 450000 ಎಂದು ಓದಿದೆ. ಎರಡನೆಯದರಲ್ಲಿ 3 ಅನ್ನು 8 ಎಂದು ಓದಿದೆ. ಮೂರನೆಯದರಲ್ಲಿ ಕೈಬರಹದ 1ಕ್ಕೆ ತಲೆಯ ಮೇಲೆ ಗೀಟಿದೆ, ಅದನ್ನು 7 ಎಂದುಕೊಂಡಿದೆ. ಮೂರೂ ಓದುವ ತಪ್ಪುಗಳೇ. ನಾಲ್ಕನೆಯದರ ಚಿತ್ರದಲ್ಲಿ ಸ್ಪಷ್ಟವಾಗಿ 8,900 ಎಂದಿದೆ. ಲೆಡ್ಜರ್ ಬರೆದವರು ಅಂಕಿ ಅದಲು ಬದಲು ಮಾಡಿ 9,800 ಹಾಕಿದ್ದಾರೆ. ನಾಲ್ಕರಲ್ಲಿ ನಿಜವಾದ ತಪ್ಪು ಇದೊಂದೇ, ವ್ಯತ್ಯಾಸವೂ ಇದರದ್ದೇ ಅತಿ ಚಿಕ್ಕದು. ದಿಕ್ಕು ಕೂಡ ಉಲ್ಟಾ: ಖರ್ಚನ್ನು ಕಡಿಮೆ ತೋರಿಸಿಲ್ಲ, ಜಾಸ್ತಿ ತೋರಿಸಿದ್ದಾರೆ.

ಎರಡನೆಯ ಹೆಜ್ಜೆ: ಸ್ಯಾಂಪಲ್ ಎತ್ತಿದ ಪಟ್ಟಿಯೇ ಸರಿಯಿತ್ತಾ?

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ಮೂರು ಓದುವ ತಪ್ಪುಗಳನ್ನು ತೆಗೆದುಹಾಕಿ, ಉಳಿದ ಒಂದನ್ನು ಹಿಗ್ಗಿಸಿ, ಕೆಲಸ ಮುಗಿಸುತ್ತಾರೆ. ಅದು ಸಾಲದು. ಓದುವ ತಪ್ಪು ಹೋಲಿಕೆಯನ್ನು ಕೆಡಿಸುವ ಮೊದಲೇ ಆಯ್ಕೆಯನ್ನು ಕೆಡಿಸಿರುತ್ತದೆ.

ನೋಡಿ, 4,500ರ ವೋಚರ್‌ಗೆ ನಿಜವಾಗಿ ಆಯ್ಕೆಯಾಗುವ ಅವಕಾಶ ಸುಮಾರು 1.1% ಮಾತ್ರ ಇತ್ತು. 4,50,000 ಎಂದು ಓದಿದ್ದರಿಂದ ಅದು ಖಚಿತವಾಗಿ ಬಂತು. ಇದೇ ಕಾರಣಕ್ಕೆ ಈ ವಿಧಾನದಲ್ಲಿ ಜಾಸ್ತಿ ಓದಿದ ವೋಚರ್‌ಗಳೇ ಸ್ಯಾಂಪಲ್‌ನಲ್ಲಿ ತುಂಬಿಕೊಳ್ಳುತ್ತವೆ. ಹಾಗಾಗಿ ಸ್ಯಾಂಪಲ್‌ನಲ್ಲಿ ಕಂಡ ಓದುವ ತಪ್ಪಿನ ಪ್ರಮಾಣ ಇಡೀ ಪಟ್ಟಿಯ ಪ್ರಮಾಣ ಆಗುವುದಿಲ್ಲ. 62ರಲ್ಲಿ 3 ಎಂದರೆ ಸುಮಾರು 5% ಎಂದು ಬರೆದುಕೊಳ್ಳಬೇಡಿ. ಆ ಮೂರೂ ಜಾಸ್ತಿ ಓದಿದವೇ ಎಂಬುದು ಕಾಕತಾಳೀಯ ಅಲ್ಲ.

ಇದರ ಇನ್ನೊಂದು ಮುಖ ಇನ್ನೂ ಗಂಭೀರ. 45,000 ಇದ್ದದ್ದನ್ನು 4,500 ಎಂದು ಓದಿದ್ದರೆ ಅದರ ಅವಕಾಶ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಿತು. ಪಟ್ಟಿಗೇ ಬಾರದ ವೋಚರ್‌ಗೆ ಅವಕಾಶ ಸೊನ್ನೆ. ಅಂಥ ವೋಚರ್‌ನಲ್ಲಿ ಎಷ್ಟೇ ದೊಡ್ಡ ತಪ್ಪಿದ್ದರೂ ಸ್ಯಾಂಪಲ್‌ಗೆ ಅದು ಸಿಗುವುದಿಲ್ಲ. ಆದರೆ ನಾವು ಬರೆಯುವ 95% ವಿಶ್ವಾಸದ ಮಾತು ಅದನ್ನೂ ಸೇರಿಸಿಕೊಂಡೇ ಹೇಳಿದ್ದಾಗಿರುತ್ತದೆ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಸ್ಯಾಂಪಲ್ ಎತ್ತುವ ಮೊದಲೇ ಎರಡು ತಾಳೆ ನೋಡಿ, ಸಾಲುಗಳ ಎಣಿಕೆ ಮತ್ತು ಒಟ್ಟು ಮೊತ್ತ. ನಮ್ಮಲ್ಲಿ 6,000 ಎದುರು 5,914. ಅಂದರೆ 86 ವೋಚರ್ ಕಾಣೆ. ವೋಚರ್ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿ ಎಲ್ಲೆಲ್ಲಿ ಬಿಟ್ಟುಹೋಗಿದೆ ನೋಡಿದಾಗ ಕಾರಣ ಸಿಕ್ಕಿತು: ಸಣ್ಣ ಸ್ಲಿಪ್‌ಗಳನ್ನು ಒಂದೇ ಪುಟದಲ್ಲಿ ಎರಡೆರಡು ಇಟ್ಟು ಸ್ಕ್ಯಾನ್ ಮಾಡಿದ್ದಾರೆ, ಓಸಿಆರ್ ಮೇಲಿನದ್ದನ್ನು ಮಾತ್ರ ಓದಿದೆ. ಅವುಗಳ ಒಟ್ಟು 3,40,000.

ಒಟ್ಟು ಮೊತ್ತದ ವ್ಯತ್ಯಾಸ 7,80,000 ಎಂದು ಕಾಣುತ್ತದೆ. ಆದರೆ ಅದು ಕಳೆದು ಉಳಿದ ಮೊತ್ತ. ಒಡೆದು ನೋಡಿದರೆ, ಜಾಸ್ತಿ ಓದಿದ್ದು ಸುಮಾರು 12 ಲಕ್ಷ, ಕಡಿಮೆ ಓದಿದ್ದು 80,000, ಕಾಣೆಯಾದದ್ದು 3,40,000. ಹೀಗೆ ಎರಡೂ ದಿಕ್ಕಿನ ತಪ್ಪುಗಳು ಪರಸ್ಪರ ಮುಚ್ಚಿಕೊಳ್ಳುವುದರಿಂದ, ಒಟ್ಟು ಮೊತ್ತ ಸರಿಯಾಗಿ ತಾಳೆಯಾದರೂ ಒಳಗೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ. ತಿಂಗಳುವಾರು, ಸ್ಕ್ಯಾನ್ ಬ್ಯಾಚ್‌ವಾರು ತಾಳೆ ನೋಡಿದರೆ ಮುಚ್ಚಿಕೊಂಡದ್ದು ಹೊರಬರುತ್ತದೆ.

ಮೂರನೆಯ ಹೆಜ್ಜೆ: ಯಾವ ಕಡೆಯಿಂದ ಎತ್ತಬೇಕು

ಇಲ್ಲಿ ಪ್ರಶ್ನೆ ಏನು ಎಂಬುದರ ಮೇಲೆ ಉತ್ತರ ನಿಂತಿದೆ. ಲೆಡ್ಜರ್‌ನಲ್ಲಿ ಬರೆದ ಖರ್ಚಿಗೆ ಆಧಾರ ಇದೆಯಾ, ಜಾಸ್ತಿ ಬರೆದಿದ್ದಾರಾ ಎಂದು ನೋಡಬೇಕಾದರೆ ಲೆಡ್ಜರ್‌ನಿಂದಲೇ ಎತ್ತಿ. ಓಸಿಆರ್ ಪಟ್ಟಿಯ ಕೆಲಸ ಚಿತ್ರವನ್ನು ಬೇಗ ಹುಡುಕಿಕೊಡುವುದು ಮಾತ್ರ. ಆಗ ಓದುವ ತಪ್ಪು ಆಯ್ಕೆಯನ್ನು ಮುಟ್ಟುವುದೇ ಇಲ್ಲ.

ಖರ್ಚು ಬಿಟ್ಟುಹೋಗಿದೆಯಾ ಎಂದು ನೋಡಬೇಕಾದರೆ ದಿಕ್ಕು ತಿರುಗಿಸಿ. ಸ್ಕ್ಯಾನ್ ಚಿತ್ರಗಳಿಂದ, ಸಾಧ್ಯವಾದರೆ ಮೂಲ ಕಾಗದದ ಕಟ್ಟಿನಿಂದ, ಪುಟದ ಲೆಕ್ಕದಲ್ಲಿ ಎತ್ತಿ ಲೆಡ್ಜರ್‌ಗೆ ಹೋಗಿ. ಇದಕ್ಕೆ ಮೊತ್ತದ ತೂಕದ ಆಯ್ಕೆ ಸರಿಹೊಂದುವುದಿಲ್ಲ. ಕಡಿಮೆ ಬರೆದದ್ದಕ್ಕೆ ಅದು ಕಡಿಮೆ ಅವಕಾಶವನ್ನೇ ಕೊಡುತ್ತದೆ, ಅಲ್ವಾ? ಸಾದಾ ರ್‍ಯಾಂಡಮ್ ಆಯ್ಕೆ ಸಾಕು.

ನಮ್ಮ ತಂಡ ಲೆಡ್ಜರ್‌ನಿಂದ 60 ವೋಚರ್‌ಗಳನ್ನು ಹೊಸದಾಗಿ ಎತ್ತಿತು ಎಂದುಕೊಳ್ಳಿ. ಒಂದರಲ್ಲಿ ನಿಜವಾದ ತಪ್ಪು ಸಿಕ್ಕಿತು: ಲೆಡ್ಜರ್‌ನಲ್ಲಿ 12,500, ಚಿತ್ರದಲ್ಲಿ 11,300. ತಪ್ಪು 1,200, ಅಂದರೆ 9.6%. ಹಿಗ್ಗಿಸಿದರೆ 38,400. ಈಗ ಮೇಲಿನ ಮಿತಿಯ ಲೆಕ್ಕ:

```
12,00,000            (4,00,000 × 3.00)
  + 38,400           (0.096 × 4,00,000)
  + 28,800           (38,400 × (4.75 − 3.00 − 1))
= 12,67,200
```

3.00 ಮತ್ತು 4.75 ಎಂಬುವು 95% ವಿಶ್ವಾಸದಲ್ಲಿ ಸೊನ್ನೆ ಮತ್ತು ಒಂದು ತಪ್ಪಿಗೆ ಬರುವ ಅಂಶಗಳು. ಸ್ಪ್ರೆಡ್‌ಶೀಟ್‌ನಲ್ಲಿ `=GAMMA.INV(0.95, k+1, 1)` ಎಂದು ಹಾಕಿ, `k` ಜಾಗದಲ್ಲಿ ತಪ್ಪುಗಳ ಸಂಖ್ಯೆ ಕೊಟ್ಟರೆ 2.996 ಮತ್ತು 4.744 ಬರುತ್ತವೆ, ಅವನ್ನು ಸ್ವಲ್ಪ ಮೇಲಕ್ಕೆ ಸುತ್ತಿದವೇ ಇವು.

ಒಂದೇ ಒಂದು ಸಣ್ಣ ತಪ್ಪು, ಆದರೂ ಮಿತಿ 12 ಲಕ್ಷ ದಾಟಿತು. ಇದು ಓಸಿಆರ್ ತಪ್ಪಲ್ಲ, ಯೋಜನೆಯ ತಪ್ಪು. ಸೊನ್ನೆ ತಪ್ಪು ಎಂಬ ನಿರೀಕ್ಷೆಯಲ್ಲಿ ಇಂಟರ್ವಲ್ ಇಟ್ಟರೆ ಒಂದು ತಪ್ಪಿಗೂ ಜಾಗ ಇರುವುದಿಲ್ಲ. ಮೊದಲೇ ಇಂಟರ್ವಲ್ 3 ಲಕ್ಷ ಇಟ್ಟು 80 ವೋಚರ್ ನೋಡಿದ್ದರೆ, ಅದೇ ತಪ್ಪಿಗೆ ಮಿತಿ 9,00,000 + 28,800 + 21,600, ಅಂದರೆ 9,50,400. ಆರಾಮಾಗಿ ಒಳಗೆ ಇರುತ್ತಿತ್ತು. ಫಲಿತಾಂಶ ನೋಡಿದ ಮೇಲೆ 20 ವೋಚರ್ ಸೇರಿಸಿದರೆ ಆಗದಾ ಎಂದು ಕೇಳುತ್ತಾರೆ. ಸೇರಿಸಬಹುದು. ಆದರೆ ಬೇಕಾದ ಉತ್ತರ ಬರುವ ತನಕ ಸೇರಿಸುತ್ತಾ ಹೋದರೆ 95% ಎಂಬುದು ನಿಜವಾದ 95% ಆಗಿ ಉಳಿಯುವುದಿಲ್ಲ. ಹಳೆಯ ಸ್ಯಾಂಪಲ್‌ನಲ್ಲಿ ಸಿಕ್ಕ 9,800ರ ತಪ್ಪು ಹೊಸದರಲ್ಲಿ ಬಾರದೆ ಇದ್ದರೂ ಗೊತ್ತಾದ ತಪ್ಪೇ. ಅದನ್ನು ಮರೆಯದೆ ಪಟ್ಟಿಗೆ ಸೇರಿಸಿ ಸರಿಮಾಡಿಸಬೇಕು.

ಇಲ್ಲೊಂದು ಎಚ್ಚರಿಕೆ. ಆಯ್ಕೆಯಾದ ವೋಚರ್‌ನ ಚಿತ್ರ ಓದಲಾಗದಷ್ಟು ಕೆಟ್ಟಿದ್ದರೆ ಅದನ್ನು ಬಿಟ್ಟು ಪಕ್ಕದ ವೋಚರ್ ತೆಗೆದುಕೊಳ್ಳುವ ಆಸೆ ಆಗುತ್ತದೆ. ಹಾಗೆ ಮಾಡಬೇಡಿ. ಸ್ಯಾಂಪ್ಲಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಎ 530 ಇದನ್ನು ನೇರವಾಗಿ ಹೇಳುತ್ತದೆ: ಪರೀಕ್ಷೆಯನ್ನೋ ಅದಕ್ಕೆ ತಕ್ಕ ಬದಲಿ ಪರೀಕ್ಷೆಯನ್ನೋ ಮಾಡಲು ಆಗದಿದ್ದರೆ ಅದನ್ನು ತಪ್ಪು ಎಂದೇ ಪರಿಗಣಿಸಬೇಕು. ಮೂಲ ಕಾಗದ ಕೇಳಿ, ಬ್ಯಾಂಕ್ ಪಾವತಿ ನೋಡಿ, ಪಾರ್ಟಿಯಿಂದ ಪ್ರತಿ ತರಿಸಿ. ಓದಲಾಗದ ವೋಚರ್‌ಗಳನ್ನೆಲ್ಲ ಬದಲಿಸುತ್ತಾ ಹೋದರೆ, ಸ್ಯಾಂಪಲ್‌ನಲ್ಲಿ ಉಳಿಯುವುದು ನೀಟಾಗಿ ಪ್ರಿಂಟ್ ಆದ ಬಿಲ್‌ಗಳು ಮಾತ್ರ. ಕೈಬರಹದ, ಮಾಸಿದ, ತಿದ್ದಿದ ಬಿಲ್‌ಗಳೆಲ್ಲ ಹೊರಗೆ ಉಳಿಯುತ್ತವೆ. ತಪ್ಪು ಇರುವ ಸಾಧ್ಯತೆ ಎಲ್ಲಿ ಹೆಚ್ಚು ಎಂದು ಬಿಡಿಸಿ ಹೇಳಬೇಕಿಲ್ಲ.

ಓದುವ ತಪ್ಪಿನ ಪ್ರಮಾಣ ಎಂದರೆ ಯಾವುದರ ಪ್ರಮಾಣ?

"ನಮ್ಮ ಓಸಿಆರ್ 99% ನಿಖರ" ಎಂದು ಯಾರಾದರೂ ಹೇಳಿದರೆ, ಯಾವುದರ 99% ಎಂದು ಮೊದಲು ಕೇಳಿ. ಹೆಚ್ಚಾಗಿ ಅದು ಅಕ್ಷರಗಳ ಲೆಕ್ಕ. ಆರು ಅಂಕಿಯ ಒಂದು ಮೊತ್ತ ಪೂರ್ತಿ ಸರಿ ಬರಬೇಕಾದರೆ ಆರೂ ಸರಿ ಬರಬೇಕು. 0.99 ಅನ್ನು ಆರು ಸಲ ಗುಣಿಸಿದರೆ 0.941. ಅಂದರೆ ನೂರು ಮೊತ್ತಗಳಲ್ಲಿ ಸುಮಾರು ಆರು ತಪ್ಪು. ಪ್ರತಿ ಅಂಕಿಯ ತಪ್ಪೂ ಬೇರೆಬೇರೆಯಾಗಿ ಆಗುತ್ತದೆ ಎಂದು ಊಹಿಸಿದ ಲೆಕ್ಕ ಇದು. ನಿಜದಲ್ಲಿ ತಪ್ಪುಗಳು ಹಾಗೆ ಹರಡಿರುವುದಿಲ್ಲ, ಗುಂಪುಗುಂಪಾಗಿರುತ್ತವೆ. ಥರ್ಮಲ್ ಪೇಪರ್‌ನ ಮಾಸಿದ ರಸೀದಿಗಳು, ಕಾರ್ಬನ್ ಪ್ರತಿಗಳು, ಮೊತ್ತದ ಮೇಲೆ ಸೀಲ್ ಬಿದ್ದ ವೋಚರ್‌ಗಳು, ಗಾಜು ಕೊಳೆಯಾಗಿದ್ದ ಸ್ಕ್ಯಾನರ್‌ನ ಒಂದು ಬ್ಯಾಚ್: ತಪ್ಪೆಲ್ಲ ಇಂಥ ಕಡೆ ಇರುತ್ತದೆ, ಉಳಿದ ಕಡೆ ಬಹುತೇಕ ಇರುವುದಿಲ್ಲ.

ಇದರಿಂದ ಕೆಲಸಕ್ಕೆ ಬರುವ ಒಂದು ವಿಷಯವಿದೆ. ಸರಾಸರಿ ಪ್ರಮಾಣ ಹಿಡಿದು ಕೂರಬೇಡಿ. ಸಿಕ್ಕ ತಪ್ಪುಗಳಿಗೆ ಸಮಾನವಾದದ್ದು ಏನು ಎಂದು ನೋಡಿ. ನಮ್ಮ ಉದಾಹರಣೆಯಲ್ಲಿ ದಶಮಾಂಶ ಕಳೆದುಕೊಂಡ ವೋಚರ್‌ಗಳೆಲ್ಲ ಒಂದೇ ಮಾದರಿಯ ಮುದ್ರಿತ ಫಾರಂನಿಂದ ಬಂದಿದ್ದರೆ, ಆ ಫಾರಂನ ವೋಚರ್‌ಗಳನ್ನು ಬೇರೆ ಗುಂಪು ಮಾಡಿ ಎಲ್ಲವನ್ನೂ ಕಣ್ಣಿನಿಂದ ನೋಡಿಬಿಡುವುದು ಒಳ್ಳೆಯದು. ಉಳಿದ ಗುಂಪಿನ ಮೇಲೆ ಅದರ ನೆರಳು ಬೀಳುವುದಿಲ್ಲ.

ಓಸಿಆರ್ ಪ್ರತಿ ಸಾಲಿಗೂ ಒಂದು ವಿಶ್ವಾಸದ ಅಂಕ ಕೊಡುವುದುಂಟು. ಗುಂಪು ಮಾಡಲು ಅದನ್ನು ಬಳಸಿಕೊಳ್ಳಿ. ಆದರೆ ಕಡಿಮೆ ಅಂಕದವನ್ನು ಮಾತ್ರ ನೋಡಿ, ಹೆಚ್ಚು ಅಂಕದವು ಸರಿಯಿವೆ ಎಂದು ಬಿಡಬೇಡಿ. ಸ್ಪಷ್ಟವಾಗಿ ಮುದ್ರಣವಾದ ತಪ್ಪು ಸಂಖ್ಯೆಯನ್ನು ಓಸಿಆರ್ ಪೂರ್ಣ ವಿಶ್ವಾಸದಿಂದ ಓದುತ್ತದೆ. ಉದಾಹರಣೆಗೆ, ಒಟ್ಟು ಮೊತ್ತದ ಬದಲು ಅದರ ಮೇಲಿನ ಸಾಲಿನ ತೆರಿಗೆಗೆ ಮುಂಚಿನ ಮೊತ್ತವನ್ನು ಎತ್ತಿಕೊಂಡಿದ್ದರೆ, ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಎತ್ತಿಕೊಂಡ ಜಾಗ ತಪ್ಪಾಗಿರುತ್ತದೆ.

ಎಲ್ಲವೂ ತಾಳೆಯಾದರೆ

ಈಗ ಸದ್ದಿಲ್ಲದ ತೊಂದರೆಗೆ ಬರೋಣ. ಇಡೀ ಪಟ್ಟಿಯನ್ನು ಲೆಡ್ಜರ್ ಜೊತೆ ಹೋಲಿಸಿದ್ದೀರಿ. ಎಲ್ಲ ಸಾಲೂ ತಾಳೆಯಾಗಿದೆ. ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ಲೆಡ್ಜರ್‌ನಲ್ಲಿ ಈ ಮೊತ್ತ ಎಲ್ಲಿಂದ ಬಂತು?

ಒಬ್ಬರು ಕಾಗದ ನೋಡಿ ಲೆಡ್ಜರ್‌ನಲ್ಲಿ ಟೈಪ್ ಮಾಡಿದ್ದು, ಓಸಿಆರ್ ಬೇರೆಯಾಗಿ ಓದಿದ್ದು, ಎರಡೂ ಒಂದೇ ಬಂದರೆ ಆ ತಾಳೆಗೆ ಬೆಲೆ ಇದೆ. ಇಬ್ಬರೂ ತಪ್ಪು ಮಾಡಿ, ಒಂದೇ ತಪ್ಪು ಸಂಖ್ಯೆಗೆ ಬರುವುದು ತೀರಾ ಅಪರೂಪ. ಆದರೆ ಈಗ ಎಷ್ಟೋ ಕಡೆ ಓಸಿಆರ್ ಓದಿದ್ದನ್ನೇ ನೇರವಾಗಿ ಲೆಡ್ಜರ್‌ಗೆ ಏರಿಸುತ್ತಾರೆ. ಆಗ ನೀವು ಹೋಲಿಸುತ್ತಿರುವುದು ಒಂದೇ ಸಂಖ್ಯೆಯ ಎರಡು ಪ್ರತಿಗಳನ್ನು. ಓದುವ ತಪ್ಪೇ ಅಲ್ಲಿ ಲೆಡ್ಜರ್ ತಪ್ಪು. ಹೋಲಿಕೆಯಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಇದರಷ್ಟೇ ಕೆಟ್ಟದ್ದು ಇನ್ನೊಂದು: ಓಸಿಆರ್‌ಗೆ ಲೆಡ್ಜರ್ ಮೊತ್ತವನ್ನೂ ಕೊಟ್ಟು, ಗೊಂದಲ ಬಂದಾಗ ಹತ್ತಿರದ್ದನ್ನು ಆರಿಸಿಕೋ ಎಂದು ಹೊಂದಿಸಿರುತ್ತಾರೆ. ತಾಳೆಯ ಪ್ರಮಾಣ ಚೆನ್ನಾಗಿ ಏರುತ್ತದೆ, ಪುರಾವೆಯಾಗಿ ಅದಕ್ಕೆ ಬೆಲೆ ಉಳಿಯುವುದಿಲ್ಲ.

ಗುರುತಿಸುವುದು ಹೇಗೆ? ಮಾಸಿದ ರಸೀದಿ, ಕೈಬರಹ ಎಲ್ಲ ಸೇರಿರುವ ಸಾವಿರಾರು ವೋಚರ್‌ಗಳಲ್ಲಿ ಒಂದೂ ಓದುವ ತಪ್ಪು ಇಲ್ಲ ಎಂದರೆ ಅದೇ ಮೊದಲ ಸುಳಿವು. ನಮ್ಮ ಉದಾಹರಣೆಯ ಮೊದಲ ಪಟ್ಟಿಯಲ್ಲಿ ತಪ್ಪುಗಳು ಕಂಡವಲ್ಲ, ಅದು ಒಂದು ರೀತಿಯಲ್ಲಿ ಒಳ್ಳೆಯ ಸೂಚನೆ: ಎರಡು ದಾರಿಗಳು ಬೇರೆಬೇರೆ ಇವೆ ಎಂದಾಯಿತು. ಎರಡನೆಯ ಸುಳಿವು, ಲೆಡ್ಜರ್ ನಮೂದಿನ ಬಳಕೆದಾರರ ಹೆಸರು ಮತ್ತು ಸಮಯ. ನೂರಾರು ನಮೂದುಗಳು ಒಂದೇ ನಿಮಿಷದಲ್ಲಿ ಬಂದಿದ್ದರೆ ಅವು ಕೈಯಿಂದ ಟೈಪ್ ಆದವಲ್ಲ.

ಪರಿಹಾರ ಒಂದೇ, ಕುರುಡು ಓದು. ತಾಳೆಯಾದ ಸಾಲುಗಳಿಂದ ರ್‍ಯಾಂಡಮ್ ಆಗಿ ಎತ್ತಿ, ಅವುಗಳ ಚಿತ್ರವನ್ನು ಮಾತ್ರ ಒಬ್ಬರಿಗೆ ಕೊಡಿ. ಓಸಿಆರ್ ಮೊತ್ತವನ್ನೂ ಲೆಡ್ಜರ್ ಮೊತ್ತವನ್ನೂ ತೋರಿಸಬೇಡಿ. ಅವರು ಕಂಡದ್ದನ್ನು ಟೈಪ್ ಮಾಡಲಿ, ಆಮೇಲೆ ಹೋಲಿಸಿ. ಸಂಖ್ಯೆ ತೋರಿಸಿ "ಸರಿ ಇದೆಯಾ ನೋಡಿ" ಎಂದು ಕೇಳಿದರೆ ಕಣ್ಣು ಸುಮ್ನೆ ಒಪ್ಪಿಕೊಂಡುಬಿಡುತ್ತದೆ, ಮಸುಕಾದ 3 ಕೂಡ 8 ಆಗಿ ಕಾಣುತ್ತದೆ.

ಎಷ್ಟು ಎತ್ತಬೇಕು? 60 ನೋಡಿ ಒಂದೂ ತಪ್ಪು ಸಿಗದಿದ್ದರೆ, 95% ವಿಶ್ವಾಸದಿಂದ ಹೇಳಬಹುದಾದದ್ದು ಇಷ್ಟೇ: ತಪ್ಪಿನ ಪ್ರಮಾಣ 3/60ಕ್ಕಿಂತ, ಅಂದರೆ 5%ಕ್ಕಿಂತ ಹೆಚ್ಚಿಲ್ಲ. 6,000 ವೋಚರ್‌ಗಳಲ್ಲಿ 5% ಎಂದರೆ 300. ಸೊನ್ನೆ ಸಿಕ್ಕಿತು ಎಂದ ಮಾತ್ರಕ್ಕೆ ಸೊನ್ನೆ ಇದೆ ಎಂದಾಗುವುದಿಲ್ಲ. 1% ಎಂದು ಹೇಳಬೇಕಾದರೆ 300 ನೋಡಿ, ಒಂದೂ ತಪ್ಪು ಸಿಗದಿರಬೇಕು. 60ರಲ್ಲಿ ಒಂದು ಸಿಕ್ಕರೆ ಮೇಲಿನ ಮಿತಿ ಸುಮಾರು 8%. ಇವು ವೋಚರ್ ಎಣಿಕೆಯ ಪ್ರಮಾಣಗಳು. ಇವನ್ನು ಮೊತ್ತಕ್ಕೆ ನೇರವಾಗಿ ಗುಣಿಸಬೇಡಿ: ಒಂದೇ ಒಂದು ದಶಮಾಂಶದ ತಪ್ಪು ಒಂದು ವೋಚರ್‌ನ ಮೊತ್ತವನ್ನು ನೂರು ಪಟ್ಟು ಮಾಡುತ್ತದೆ, ಪೈಸೆ ಕಡೆಯ ಅಂಕಿಯ ತಪ್ಪು ಏನೂ ಮಾಡುವುದಿಲ್ಲ. ಮೊತ್ತದ ಬಗ್ಗೆ ಮಾತಾಡಬೇಕಾದರೆ ಈ ಕುರುಡು ಓದಿನ ಆಯ್ಕೆಯನ್ನೂ ಲೆಡ್ಜರ್ ಮೊತ್ತದ ತೂಕದಲ್ಲೇ ಮಾಡಿ.

ಸಹಿ ಇದೆಯಾ ಇಲ್ಲವಾ ಎಂಬಂಥ ಪರೀಕ್ಷೆಗಳು

ಮೊತ್ತಕ್ಕಿಂತ ಹೆಚ್ಚು ಮೋಸ ಮಾಡುವುದು ಹೌದು-ಇಲ್ಲ ಪರೀಕ್ಷೆ. ಮಂಜೂರಾತಿ ಸಹಿ ಇದೆಯಾ ಎಂದು ಯಂತ್ರವೇ ನೋಡಿ ಹೇಳುತ್ತದೆ ಎಂದುಕೊಳ್ಳಿ. ಇಲ್ಲಿ ಹೋಲಿಸಲು ಲೆಡ್ಜರ್ ಇಲ್ಲ. ಸಹಿ ಇಲ್ಲ ಎಂದು ಅದು ಹೇಳಿದವನ್ನು ನೀವು ತೆರೆದು ನೋಡುತ್ತೀರಿ, ಹಾಗಾಗಿ ಸುಳ್ಳು ಎಚ್ಚರಿಕೆಗಳು ಬಿದ್ದುಹೋಗುತ್ತವೆ. ಇದೆ ಎಂದದ್ದನ್ನು ಯಾರೂ ತೆರೆಯುವುದಿಲ್ಲ. ಸಹಿಯ ಜಾಗದ ಮೇಲೆ ಸೀಲ್ ಬಿದ್ದಿದ್ದರೂ, ಪೆನ್ನಿನ ಗೀಟು ಎಳೆದಿದ್ದರೂ ಅದು ಸಹಿ ಎಂದೇ ಲೆಕ್ಕ.

60 ವೋಚರ್ ನೋಡಿದ್ದೀರಿ. ಎಲ್ಲದರಲ್ಲೂ ಸಹಿ ಇದೆ ಎಂದು ಬಂತು. ಮೇಲಿನ ಮಿತಿ 5%. ಸಹಿಸಬಹುದಾದ ಪ್ರಮಾಣ 6% ಎಂದು ಇಟ್ಟಿದ್ದರೆ, ನಿಯಂತ್ರಣ ಚೆನ್ನಾಗಿದೆ ಎಂದು ತೀರ್ಮಾನಿಸುತ್ತೀರಿ. ಆದರೆ ಸಹಿ ಇಲ್ಲದ ವೋಚರ್‌ಗಳಲ್ಲಿ 80% ಅನ್ನು ಮಾತ್ರ ಯಂತ್ರ ಹಿಡಿಯುತ್ತದೆ ಎಂದರೆ ಆ 5% ಅನ್ನು 0.8ರಿಂದ ಭಾಗಿಸಬೇಕು:

```
(3 / 60) / 0.8 = 0.0625
```

6.25%. ಸಹಿಸಬಹುದಾದ ಪ್ರಮಾಣ ದಾಟಿತು. ಒಂದೂ ತಪ್ಪು ಸಿಗದ ಅದೇ ಸ್ಯಾಂಪಲ್, ತೀರ್ಮಾನ ಮಾತ್ರ ತಿರುಗಿತು. ಆ 80% ಎಂಬುದೂ ಒಂದು ಅಂದಾಜೇ. ಸಹಿ ಇಲ್ಲ ಎಂದು ಮೊದಲೇ ಗೊತ್ತಿರುವ 25 ವೋಚರ್ ಕೊಟ್ಟು 20 ಹಿಡಿದರೆ 80% ಎನ್ನುತ್ತೇವೆ, ಆದರೆ 25ರಷ್ಟು ಸಣ್ಣ ಸಂಖ್ಯೆಯಿಂದ ಬಂದ ಅಂದಾಜು ಮೇಲೆ ಕೆಳಗೆ ಸಾಕಷ್ಟು ಜಾರಬಹುದು. ಅದಕ್ಕೇ ನಾನು ಹೇಳುವುದು, ಇಂಥ ಪರೀಕ್ಷೆಯಲ್ಲಿ ತಿದ್ದುವ ಸೂತ್ರದ ಮೇಲೆ ಭಾರ ಹಾಕುವ ಬದಲು 60 ಚಿತ್ರಗಳನ್ನೂ ಕಣ್ಣಿನಿಂದಲೇ ನೋಡಿ. ಅದು ಅರ್ಧ ದಿನದ ಕೆಲಸ. ಯಂತ್ರದ ಉತ್ತರವನ್ನು ಎಲ್ಲಿ ಹೆಚ್ಚು ಹುಡುಕಬೇಕು ಎಂದು ತಿಳಿಯಲು ಬಳಸಿಕೊಳ್ಳಿ, ಸ್ಯಾಂಪಲ್‌ನ ಉತ್ತರವಾಗಿ ಬಳಸಬೇಡಿ.

ವರ್ಕಿಂಗ್ ಪೇಪರ್‌ನಲ್ಲಿ

ಆಯ್ಕೆ ಯಾವ ಪಟ್ಟಿಯಿಂದ ಆಯಿತು, ಆ ಪಟ್ಟಿಯ ಎಣಿಕೆ ಮತ್ತು ಒಟ್ಟು ಲೆಡ್ಜರ್ ಜೊತೆ ಹೇಗೆ ತಾಳೆಯಾಯಿತು ಎಂದು ಮೊದಲು ಬರೆಯಿರಿ. ಆಮೇಲೆ ಪ್ರತಿ ವ್ಯತ್ಯಾಸಕ್ಕೂ ಚಿತ್ರ, ಓದಿದ್ದು, ಲೆಡ್ಜರ್ ಎಂಬ ಮೂರು ಮೊತ್ತ, ಅದು ಸೇರಿದ ಗುಂಪು, ಮತ್ತು ಚಿತ್ರ ನೋಡಿದವರ ಹೆಸರು. ಓದುವ ತಪ್ಪು ಎಂದು ಕೈಬಿಟ್ಟ ಸಾಲುಗಳನ್ನು ಅಳಿಸಬೇಡಿ, ಚಿತ್ರದ ಸಮೇತ ಅಲ್ಲೇ ಇರಲಿ. ಮುಂದೆ ಪರಿಶೀಲಿಸುವವರಿಗೆ, ಬೇಡವಾದ ತಪ್ಪುಗಳನ್ನು ಓಸಿಆರ್ ತಲೆಗೆ ಕಟ್ಟಿ ಬಿಟ್ಟಿಲ್ಲ ಎಂದು ತೋರಿಸಲು ಆ ಸಾಲುಗಳೇ ಬೇಕಾಗುತ್ತವೆ. ಕುರುಡು ಓದು ಮಾಡಿದ್ದರೆ ಟೈಪ್ ಮಾಡಿದವರಿಗೆ ಯಾವ ಫೈಲ್ ಕೊಟ್ಟಿರಿ ಎಂಬುದನ್ನೂ ಸೇರಿಸಿ. ಆ ಫೈಲ್‌ನಲ್ಲಿ ಮೊತ್ತದ ಕಾಲಂ ಇರಲಿಲ್ಲ ಎಂದು ಅದನ್ನು ತೆರೆದವರಿಗೇ ಕಾಣಬೇಕು.